ಅಧೀಕ್ಷಕರ ಮುಂಬಡ್ತಿ ಮತ್ತು ಪ್ರಥಮ ದರ್ಜೆ ಸಹಾಯಕರ ಜ್ಯೇಷ್ಠತೆ: ಕೆಎಸ್‌ಎಟಿ ತೀರ್ಪಿನ ಸಾರಾಂಶ ಟಿಪ್ಪಣಿ

ಮಾನ್ಯ ಆಯುಕ್ತರ ಅವಗಾಹನೆಗೆ,

ಮೈಸೂರು ಘಟಕದ ಪ್ರಥಮ ದರ್ಜೆ ಸಹಾಯಕರೊಬ್ಬರು 18.02.2022ರಂದು ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠ 11.11.2024ರಂದು ಪುರಸ್ಕರಿಸಿದೆ. ದೃಢೀಕೃತ ಪ್ರತಿ 02.12.2024ರಂದು ನಮ್ಮ ಕಚೇರಿಗೆ ತಲುಪಿದ್ದು, ಗಡುವುಗಳೆಲ್ಲ ಆ ದಿನದಿಂದಲೇ ಎಣಿಕೆಯಾಗುತ್ತವೆ. ಆದ್ದರಿಂದ ಮೂವತ್ತನಾಲ್ಕು ಪುಟಗಳ ತೀರ್ಪಿನ ಸಾರವನ್ನೂ ಇಲಾಖೆ ಈಗ ಮಾಡಬೇಕಾದುದನ್ನೂ ಒಟ್ಟಿಗೇ ಮಂಡಿಸಿದೆ.

ಪ್ರಕರಣದ ಹಿನ್ನೆಲೆ

ಅರ್ಜಿದಾರರು ಲೋಕಸೇವಾ ಆಯೋಗದ ಮೂಲಕ ನೇರ ನೇಮಕಾತಿ ಹೊಂದಿ 14.09.2009ರಂದು ಕರ್ತವ್ಯಕ್ಕೆ ಹಾಜರಾದವರು. 2018ರ ಅಂತಿಮ ಜ್ಯೇಷ್ಠತಾ ಪಟ್ಟಿಯಲ್ಲಿ ಅವರದು ಕ್ರಮಾಂಕ 26. ಕ್ರಮಾಂಕ 22, 23 ಮತ್ತು 24ರಲ್ಲಿರುವವರು ಪ್ರತಿವಾದಿ 3ರಿಂದ 5. ಈ ಮೂವರು 2007ರಲ್ಲಿ ಕಲಬುರಗಿ ಘಟಕದಲ್ಲಿ ನೇಮಕಗೊಂಡು, 17.06.2013ರಂದು ಮೈಸೂರು ಘಟಕಕ್ಕೆ ಬಂದವರು. ಅವರ 2007ರ ಸೇವೆಯನ್ನು ಹಿಡಿದು, 2009ರವರಿಗಿಂತ ಮೇಲೆ ಕೂರಿಸಿದ್ದೇವೆ.

ಅಧೀಕ್ಷಕರ ಐದು ಹುದ್ದೆಗಳಿಗಾಗಿ ಇಲಾಖಾ ಮುಂಬಡ್ತಿ ಸಮಿತಿ 19.08.2021ರಂದು ಸೇರಿತು. 30.09.2021ರ ಆದೇಶದಲ್ಲಿ ಕ್ರಮಾಂಕ 22, 23, 24, 25 ಮತ್ತು 27ರವರಿಗೆ ಮುಂಬಡ್ತಿ ದೊರೆಯಿತು. 26ನ್ನು ದಾಟಿ 27ಕ್ಕೆ, ಅಂದರೆ ಪ್ರತಿವಾದಿ 6ಕ್ಕೆ, ಹೋದುದಕ್ಕೆ ನಡವಳಿಯಲ್ಲಿರುವ ಕಾರಣ ಒಂದೇ ಸಾಲು: “ಇಲಾಖಾ ವಿಚಾರಣೆ ಉದ್ದೇಶಿಸಲಾಗಿದೆ.” ದೋಷಾರೋಪಣ ಪಟ್ಟಿ ಅರ್ಜಿದಾರರಿಗೆ ಜಾರಿಯಾದದ್ದು 07.01.2022ರಂದು. ಆರೋಪ ಸಾಬೀತಾಗದೆ, 2023ರ ನವೆಂಬರ್‌ನಲ್ಲಿ ಅವರು ಪೂರ್ಣವಾಗಿ ದೋಷಮುಕ್ತರಾದರು.

ಹೀಗಾಗಿ ನ್ಯಾಯಮಂಡಳಿಯ ಮುಂದೆ ಎರಡು ಪ್ರತ್ಯೇಕ ಪ್ರಶ್ನೆಗಳಿದ್ದವು: ಕಲಬುರಗಿಯಿಂದ ಬಂದವರು ಪಟ್ಟಿಯಲ್ಲಿ ಎಲ್ಲಿರಬೇಕು, ಮತ್ತು ಅರ್ಜಿದಾರರನ್ನು ಕೈಬಿಟ್ಟದ್ದು ಸರಿಯೇ. ಮೊದಲನೆಯದರಲ್ಲಿ ಇಲಾಖೆ ಗೆದ್ದಿದ್ದರೂ ಎರಡನೆಯದರಲ್ಲಿ ಅರ್ಜಿದಾರರಿಗೆ ಮುಂಬಡ್ತಿ ಸಿಗುತ್ತಿತ್ತು, ಏಕೆಂದರೆ ಈಗಿನ ಪಟ್ಟಿಯ ಪ್ರಕಾರವೂ ಐದನೆಯ ಹುದ್ದೆ ಅವರದೇ. ನಮ್ಮ ಆಕ್ಷೇಪಣಾ ಹೇಳಿಕೆ ಇವೆರಡನ್ನೂ ಬೆರೆಸಿ ಬರೆದದ್ದರಿಂದ ಸರ್ಕಾರಿ ವಕೀಲರ ವಾದಕ್ಕೆ ಬಲ ಬರಲಿಲ್ಲ.

ವಿಳಂಬದ ಆಕ್ಷೇಪಣೆ

2018ರ ಪಟ್ಟಿಯನ್ನು 2022ರಲ್ಲಿ ಪ್ರಶ್ನಿಸುವಂತಿಲ್ಲ, ಆಡಳಿತ ನ್ಯಾಯಮಂಡಳಿಗಳ ಅಧಿನಿಯಮ, 1985ರ ಪ್ರಕರಣ 21ರ ಒಂದು ವರ್ಷದ ಕಾಲಮಿತಿ ಮೀರಿದೆ ಎಂಬುದು ನಮ್ಮ ಮೊದಲ ವಾದ. ಶಿಬಶಂಕರ್ ಮೊಹಾಪಾತ್ರ ವಿರುದ್ಧ ಒಡಿಶಾ ರಾಜ್ಯ (2010) ಪ್ರಕರಣದಲ್ಲಿ, ನೆಲೆಗೊಂಡ ಜ್ಯೇಷ್ಠತೆಯನ್ನು ವರ್ಷಗಳ ನಂತರ ಕದಡಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿರುವುದು ನಿಜ. ಮನವಿಗಳ ಮೇಲೆ ಮನವಿ ಕೊಟ್ಟ ಮಾತ್ರಕ್ಕೆ ಕಾಲಮಿತಿ ಹಿಗ್ಗುವುದಿಲ್ಲ ಎಂದು ಸಿ. ಜೇಕಬ್ ಪ್ರಕರಣವೂ (2008) ಹೇಳುತ್ತದೆ.

ಆದರೆ ಅರ್ಜಿದಾರರು ತಾತ್ಕಾಲಿಕ ಪಟ್ಟಿಗೆ ನಿಗದಿತ ಅವಧಿಯೊಳಗೇ ಲಿಖಿತ ಆಕ್ಷೇಪಣೆ ಸಲ್ಲಿಸಿದ್ದರು. ಸ್ವೀಕೃತಿ ಮೊಹರಿರುವ ಪ್ರತಿ ಅವರ ಕೈಯಲ್ಲಿತ್ತು. ನಮ್ಮ ಕಡತದಲ್ಲಿ ಅದಕ್ಕೆ ಹಿಂಬರಹವಿರಲಿಲ್ಲ. ಆಕ್ಷೇಪಣೆಯನ್ನು ಇತ್ಯರ್ಥಪಡಿಸದೆ ಹೊರಡಿಸಿದ ಪಟ್ಟಿ ಆ ಮಟ್ಟಿಗೆ ಅಂತಿಮವಲ್ಲ, ಅದರ ಪೆಟ್ಟು ಅರ್ಜಿದಾರರಿಗೆ ತಟ್ಟಿದ್ದು 30.09.2021ರ ಆದೇಶದಿಂದ, ಅಲ್ಲಿಂದ ಐದು ತಿಂಗಳೊಳಗೆ ಅರ್ಜಿ ಬಂದಿದೆ ಎಂದು ನ್ಯಾಯಮಂಡಳಿ ಹೇಳಿತು. ನಾಲ್ಕು ಸಾಲಿನ ಹಿಂಬರಹವೊಂದು 2018ರಲ್ಲೇ ಹೋಗಿದ್ದರೆ ಪ್ರಕರಣದ ಅರ್ಧಭಾಗ ಬಾಗಿಲಲ್ಲೇ ನಿಲ್ಲುತ್ತಿತ್ತು.

ಸ್ವಕೋರಿಕೆ ವರ್ಗಾವಣೆ ಮತ್ತು ಜ್ಯೇಷ್ಠತೆ

ಕರ್ನಾಟಕ ಸರ್ಕಾರಿ ನೌಕರರ (ಜ್ಯೇಷ್ಠತಾ) ನಿಯಮಗಳು, 1957ರ ನಿಯಮ 6ರಂತೆ, ಸಾರ್ವಜನಿಕ ಹಿತದೃಷ್ಟಿಯಿಂದ ವರ್ಗಾವಣೆಯಾದವರ ಹಿಂದಿನ ಸೇವೆ ಜ್ಯೇಷ್ಠತೆಗೆ ಲೆಕ್ಕಕ್ಕೆ ಬರುತ್ತದೆ. ನೌಕರನ ಕೋರಿಕೆಯ ಮೇರೆಗೆ ಆದ ವರ್ಗಾವಣೆಗೆ ಪರಂತುಕ ಅನ್ವಯಿಸುತ್ತದೆ: ವರ್ಗಾವಣೆಯ ದಿನ ಹೊಸ ಕಡೆಯಲ್ಲಿ ಇದ್ದವರೆಲ್ಲರ ಕೆಳಗೆ ಆತನ ಸ್ಥಾನ.

2013ರ ವರ್ಗಾವಣೆ ಆದೇಶದಲ್ಲಿ “ಸಾರ್ವಜನಿಕ ಹಿತದೃಷ್ಟಿಯಿಂದ” ಎಂಬ ಪದಗಳಿವೆ. ನಮ್ಮ ಇಡೀ ವಾದ ನಿಂತದ್ದು ಅದರ ಮೇಲೆಯೇ. ನ್ಯಾಯಮಂಡಳಿ ಮೂಲ ಕಡತ ತರಿಸಿ ನೋಡಿತು. ಮೂವರೂ ಕುಟುಂಬದ ಕಾರಣ ನೀಡಿ ಬರೆದ ಕೋರಿಕೆ ಪತ್ರಗಳು ಅದರಲ್ಲಿದ್ದವು. ಜ್ಯೇಷ್ಠತೆ ಬಿಟ್ಟುಕೊಡಲು ಒಪ್ಪಿ ಸಹಿ ಹಾಕಿದ ಮುಚ್ಚಳಿಕೆಗಳೂ ಇದ್ದವು. ಪ್ರಯಾಣ ಭತ್ಯೆಗೆ ಅರ್ಹರಲ್ಲ ಎಂಬ ಷರತ್ತು ಆದೇಶದಲ್ಲೇ ಇತ್ತು. ಆದೇಶದಲ್ಲಿ ರೂಢಿಯಂತೆ ಸೇರಿದ ಪದಗುಚ್ಛಕ್ಕಿಂತ ವರ್ಗಾವಣೆ ಹುಟ್ಟಿದ ಕಾರಣವೇ ಮುಖ್ಯ ಎಂದು ಪೀಠ ತೀರ್ಮಾನಿಸಿದೆ. ಕೆ.ಪಿ. ಸುಧಾಕರನ್ ವಿರುದ್ಧ ಕೇರಳ ರಾಜ್ಯ (2006) ತೀರ್ಪನ್ನು ಇಲ್ಲಿ ಆಧರಿಸಲಾಗಿದೆ. ಪರಿಣಾಮವಾಗಿ ಪ್ರತಿವಾದಿ 3ರಿಂದ 5 ಅವರು 17.06.2013ರಂದು ಮೈಸೂರು ಘಟಕದಲ್ಲಿದ್ದ ಎಲ್ಲ ಪ್ರಥಮ ದರ್ಜೆ ಸಹಾಯಕರ ಕೆಳಗೆ ಹೋಗಬೇಕು. ಅವರ ವೇತನ, ರಜೆ, ನಿವೃತ್ತಿ ಸೌಲಭ್ಯಕ್ಕೆ ಹಿಂದಿನ ಸೇವೆ ಎಂದಿನಂತೆ ಪರಿಗಣಿತವಾಗುತ್ತದೆ. ಕಳೆದುಕೊಳ್ಳುವುದು ಜ್ಯೇಷ್ಠತೆಯನ್ನು ಮಾತ್ರ.

ವಿಚಾರಣೆ “ಉದ್ದೇಶಿಸಲಾಗಿದೆ” ಎಂಬ ಕಾರಣ

ಭಾರತ ಒಕ್ಕೂಟ ವಿರುದ್ಧ ಕೆ.ವಿ. ಜಾನಕಿರಾಮನ್ (1991) ತೀರ್ಪಿನ ಪ್ರಕಾರ, ಇಲಾಖಾ ವಿಚಾರಣೆ ಆರಂಭವಾಯಿತೆನ್ನಲು ದೋಷಾರೋಪಣ ಪಟ್ಟಿ ಹೊರಟಿರಬೇಕು. ಪ್ರಾಥಮಿಕ ವಿಚಾರಣೆಯಾಗಲಿ ವಿವರಣೆ ಕೇಳಿದ ನೋಟಿಸಾಗಲಿ ಸಾಲದು. ಅರ್ಜಿದಾರರಿಗೆ 02.03.2021ರಂದು ಹೋಗಿದ್ದದ್ದು ವಿವರಣೆ ಕೇಳುವ ನೋಟಿಸು ಮಾತ್ರ.

ಕರಡು ದೋಷಾರೋಪಣ ಪಟ್ಟಿಗೆ 2021ರ ಆಗಸ್ಟ್‌ನಲ್ಲೇ ಕಡತದಲ್ಲಿ ಅನುಮೋದನೆ ಸಿಕ್ಕಿತ್ತು ಎಂದು ನಾವು ವಾದಿಸಿದೆವು. ಇದಕ್ಕೆ ಬೆಂಬಲವಾಗಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ವಿರುದ್ಧ ಎಚ್.ಸಿ. ಖುರಾನಾ (1993) ತೀರ್ಪನ್ನು ತೋರಿಸಲಾಯಿತು. ಆದರೆ ಆ ತೀರ್ಪು ಹೇಳುವುದು ನೌಕರನ ಕೈಗೆ ಪಟ್ಟಿ ತಲುಪಿರಬೇಕಾಗಿಲ್ಲ ಎಂದಷ್ಟೇ. ಅದು ಕಚೇರಿಯಿಂದ ರವಾನೆಯಾಗಿರಲೇಬೇಕು. ನಮ್ಮ ರವಾನೆ ವಹಿಯಲ್ಲಿ ದಾಖಲೆ ಇರುವುದು 2022ರ ಜನವರಿಯಲ್ಲಿ. ಅಂದರೆ ಸಮಿತಿ ಸೇರಿದ ದಿನವೂ ಮುಂಬಡ್ತಿ ಆದೇಶದ ದಿನವೂ ಅರ್ಜಿದಾರರ ವಿರುದ್ಧ ಕಾನೂನಿನ ದೃಷ್ಟಿಯಲ್ಲಿ ಏನೂ ಬಾಕಿಯಿರಲಿಲ್ಲ.

ಒಂದು ವೇಳೆ ವಿಚಾರಣೆ ಬಾಕಿಯಿದ್ದರೂ, ಅರ್ಹತೆಯನ್ನು ಅಳೆದು ಶಿಫಾರಸನ್ನು ಮೊಹರು ಮಾಡಿದ ಲಕೋಟೆಯಲ್ಲಿ ಇಡಬೇಕಿತ್ತು. ನಮ್ಮ ಸಮಿತಿ ಅದನ್ನೂ ಮಾಡದೆ ಹೆಸರನ್ನೇ ಬಿಟ್ಟಿದೆ. ಈ ಮುಂಬಡ್ತಿಗೆ ಜ್ಯೇಷ್ಠತೆ-ಸಹ-ಅರ್ಹತೆಯೇ ಮಾನದಂಡ. ಕನಿಷ್ಠ ಅರ್ಹತೆ ಇರುವವರಲ್ಲಿ ಜ್ಯೇಷ್ಠರಿಗೆ ಮೊದಲ ಅವಕಾಶ ಎಂಬ ಬಿ.ವಿ. ಶಿವಯ್ಯ (1998) ಪ್ರಕರಣದ ತತ್ವವನ್ನು ಪೀಠ ನೆನಪಿಸಿದೆ. ಅರ್ಜಿದಾರರ ಕಾರ್ಯನಿರ್ವಹಣಾ ವರದಿಗಳು ಅಥವಾ ಇಲಾಖಾ ಪರೀಕ್ಷೆಗಳ ಬಗ್ಗೆ ನಮಗೂ ತಕರಾರಿರಲಿಲ್ಲ.

ನ್ಯಾಯಮಂಡಳಿಯ ನಿರ್ದೇಶನಗಳು

1. 2018ರ ಪಟ್ಟಿಯನ್ನು ಪ್ರತಿವಾದಿ 3ರಿಂದ 5 ಅವರ ಸ್ಥಾನಕ್ಕೆ ಸಂಬಂಧಿಸಿದಷ್ಟು ಮಟ್ಟಿಗೆ ರದ್ದುಪಡಿಸಲಾಗಿದೆ. ಪರಿಷ್ಕೃತ ತಾತ್ಕಾಲಿಕ ಪಟ್ಟಿ ಪ್ರಕಟಿಸಿ, ಹದಿನೈದು ದಿನ ಆಕ್ಷೇಪಣೆಗೆ ಅವಕಾಶ ನೀಡಿ, ಪ್ರತಿ ಆಕ್ಷೇಪಣೆಗೂ ಕಾರಣಸಹಿತ ಹಿಂಬರಹ ಕೊಟ್ಟು, ಎಂಟು ವಾರಗಳೊಳಗೆ ಅಂತಿಮ ಪಟ್ಟಿ ಹೊರಡಿಸಬೇಕು.

2. ಅಂತಿಮ ಪಟ್ಟಿಯ ನಂತರ ನಾಲ್ಕು ವಾರಗಳೊಳಗೆ ಪುನರ್‌ಪರಿಶೀಲನಾ ಮುಂಬಡ್ತಿ ಸಮಿತಿ ಸೇರಬೇಕು. 19.08.2021ರಂದು ಲಭ್ಯವಿದ್ದ ದಾಖಲೆಗಳನ್ನಷ್ಟೇ ನೋಡಬೇಕು. ನಂತರದ ವಿಚಾರಣೆ, ಅದರ ಫಲಿತಾಂಶ ಯಾವುದನ್ನೂ ಎದುರಿಗಿಡುವಂತಿಲ್ಲ.

3. ಅರ್ಹರೆಂದು ಕಂಡುಬಂದರೆ ಅರ್ಜಿದಾರರಿಗೆ 30.09.2021ರಿಂದ ಮುಂಬಡ್ತಿ, ಜ್ಯೇಷ್ಠತೆ ಮತ್ತು ವೇತನದ ಪೂರ್ಣ ಹಿಂಬಾಕಿ. ಒಂದೇ ಸಲ ಮುಂಬಡ್ತಿ ಪಡೆದವರ ನಡುವೆ ಕೆಳ ವೃಂದದ ಜ್ಯೇಷ್ಠತೆಯೇ ಮುಂದುವರಿಯುತ್ತದೆ (1957ರ ನಿಯಮಗಳ ನಿಯಮ 4). ಹಿಂಬಾಕಿಯನ್ನು ಆದೇಶದಿಂದ ಮೂವತ್ತು ದಿನದೊಳಗೆ ಪಾವತಿಸದಿದ್ದರೆ ಶೇ. 6ರ ಬಡ್ಡಿ.

4. ಸಮಿತಿಯ ತೀರ್ಮಾನದವರೆಗೆ ಯಾರನ್ನೂ ಹಿಂಬಡ್ತಿಗೊಳಿಸುವಂತಿಲ್ಲ. ಆನಂತರವೂ ನೋಟಿಸ್ ನೀಡಿ ಅಹವಾಲು ಕೇಳದೆ ಕ್ರಮ ಕೂಡದು. ಈಗಾಗಲೇ ಪಾವತಿಸಿದ ವೇತನವನ್ನು ವಸೂಲಿ ಮಾಡಬಾರದು.

5. ಹೊಸ ಪಟ್ಟಿ ಅಂತಿಮವಾಗುವವರೆಗೆ ಈ ವೃಂದದಿಂದ ಮುಂಬಡ್ತಿ ನೀಡಕೂಡದು.

ಕಾನೂನು ಕೋಶದ ಅಭಿಪ್ರಾಯ

ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿಗೆ ಅವಕಾಶವಿದೆ. ಆದರೂ ಜ್ಯೇಷ್ಠತೆಯ ಭಾಗದಲ್ಲಿ ಮುಚ್ಚಳಿಕೆಗಳು ಕಡತದಲ್ಲಿರುವಾಗ ಏನನ್ನು ವಾದಿಸುವುದೆಂದು ನನಗೆ ಹೊಳೆಯುತ್ತಿಲ್ಲ. ಪೂರ್ಣ ಹಿಂಬಾಕಿಯ ಬಗ್ಗೆ “ಕೆಲಸವಿಲ್ಲದಿದ್ದರೆ ವೇತನವಿಲ್ಲ” ಎನ್ನಬಹುದು. ಆದರೆ ಕೆಲಸಕ್ಕೆ ಸಿದ್ಧನಿದ್ದ ನೌಕರನನ್ನು ಆಡಳಿತವೇ ದೂರವಿಟ್ಟಾಗ ಆ ಸೂತ್ರ ಸಲ್ಲದೆಂದು ಹೇಳಿರುವುದೂ ಜಾನಕಿರಾಮನ್ ತೀರ್ಪೇ. ಉಳಿಯುವುದು ಕಾಲಮಿತಿಯ ಪ್ರಶ್ನೆ. ಅದೊಂದರ ಬಲದಿಂದ ಮೇಲ್ಮನವಿ ನಿಲ್ಲದು. ತೀರ್ಪನ್ನು ಜಾರಿಗೊಳಿಸುವುದೇ ಸೂಕ್ತ. ರಿಟ್ ಸಲ್ಲಿಸುವ ಆಲೋಚನೆ ಇದ್ದರೂ, ತಡೆಯಾಜ್ಞೆ ಸಿಗುವವರೆಗೆ ಗಡುವು ಓಡುತ್ತಲೇ ಇರುತ್ತದೆ. ಪ್ರಕರಣ 17ರಡಿ ನಿಂದನಾ ಅಧಿಕಾರ ನ್ಯಾಯಮಂಡಳಿಗಿದೆ.

ತೀರ್ಪಿನಲ್ಲಿ ಹೆಸರಿಲ್ಲದ ಇಬ್ಬರ ಬಗ್ಗೆ ವಿಶೇಷ ಗಮನ ಸೆಳೆಯುತ್ತೇನೆ. ಮೂವರು ಕೆಳಗೆ ಹೋದರೆ 2021ರ ಐದು ಹುದ್ದೆಗಳಿಗೆ ಸಾಲಿನಲ್ಲಿ ಬರುವವರು ಈಗಿನ ಕ್ರಮಾಂಕ 25ರಿಂದ 29. ಇವರಲ್ಲಿ 28 ಮತ್ತು 29ರವರು ದಾವೆ ಹೂಡಿಲ್ಲ, 28ರವರು ನಿವೃತ್ತರಾಗಿದ್ದಾರೆ. ಪುನರ್‌ಪರಿಶೀಲನಾ ಸಮಿತಿ ಇಬ್ಬರ ಹೆಸರನ್ನೂ ಪರಿಗಣಿಸಬೇಕು. ಅರ್ಜಿದಾರರೊಬ್ಬರ ಕಡತವನ್ನಷ್ಟೇ ತೆಗೆದರೆ ಇದೇ ತೀರ್ಪನ್ನು ಹಿಡಿದು ಇನ್ನೆರಡು ಅರ್ಜಿಗಳು ಬರುವುದು ನಿಶ್ಚಿತ. ನಿವೃತ್ತರಿಗೆ ಪಿಂಚಣಿ ಮರುನಿಗದಿಯ ಪ್ರಶ್ನೆಯೂ ಏಳುತ್ತದೆ.

ಪ್ರತಿವಾದಿ 3ರಿಂದ 5 ಅವರಿಗಾಗಿ ಹೆಚ್ಚುವರಿ ಹುದ್ದೆ ಸೃಜಿಸುವಂತೆ ಪೀಠ ಹೇಳಿಲ್ಲ. 2021ರ ನಂತರ ತೆರವಾದ ನಾಲ್ಕು ಅಧೀಕ್ಷಕ ಹುದ್ದೆಗಳನ್ನು ಸೇವಾ ನಿಯಮಾವಳಿಯ ನಿಯಮ 32ರಡಿ ಪ್ರಭಾರದಲ್ಲಿ ನಡೆಸುತ್ತಿದ್ದೇವೆ. ಹೊಸ ಪಟ್ಟಿಯಲ್ಲಿ ಅವರ ಸರದಿ ಬಂದರೆ ಮಾತ್ರ ಈ ಹುದ್ದೆಗಳಿಗೆ ಪರಿಗಣಿಸಬಹುದು. ಪ್ರಭಾರದಲ್ಲಿರುವವರಿಗೆ ಅದರಿಂದ ಮುಂಬಡ್ತಿಯ ಹಕ್ಕು ಬರುವುದಿಲ್ಲ.

ವೇಳಾಪಟ್ಟಿ ಬಿಗಿಯಾಗಿದೆ. ಎಂಟು ವಾರ ಮುಗಿಯುವುದು 27.01.2025, ಸೋಮವಾರ. ಅದರ ಹಿಂದಿನ ಎರಡು ದಿನ ನಾಲ್ಕನೇ ಶನಿವಾರ ಮತ್ತು ಗಣರಾಜ್ಯೋತ್ಸವದ ಭಾನುವಾರ. ಹಾಗಾಗಿ ಅಂತಿಮ ಪಟ್ಟಿಗೆ 24.01.2025ರಂದೇ ಸಹಿಯಾಗಬೇಕು. ತಾತ್ಕಾಲಿಕ ಪಟ್ಟಿ 20.12.2024ಕ್ಕೆ ಪ್ರಕಟವಾದರೆ ಆಕ್ಷೇಪಣೆಗೆ 04.01.2025ರವರೆಗೆ ಸಮಯ ಸಿಗುತ್ತದೆ, ಹಿಂಬರಹಗಳಿಗೆ ಮುಂದಿನ ಎರಡು ವಾರ. ಸಿಬ್ಬಂದಿ ಶಾಖೆ ಸಮಿತಿಯ ಸಭೆಯನ್ನು ಮೊದಲು ಕರೆದು ಪಟ್ಟಿಯನ್ನು ಆಮೇಲೆ ಸರಿಪಡಿಸುವ ಪ್ರಸ್ತಾವ ಇಟ್ಟಿದೆ. ಅದು ನಿರ್ದೇಶನದ ಕ್ರಮಕ್ಕೆ ವಿರುದ್ಧ, ಒಪ್ಪಬಾರದೆಂದು ಕೋರುತ್ತೇನೆ.

ಮೇಲ್ಮನವಿ ಸಲ್ಲಿಸದೆ ತೀರ್ಪನ್ನು ಜಾರಿಗೊಳಿಸಲು, ಮತ್ತು ತಾತ್ಕಾಲಿಕ ಪಟ್ಟಿಯ ಕರಡನ್ನು 13.12.2024ರೊಳಗೆ ಮಂಡಿಸುವಂತೆ ಸಿಬ್ಬಂದಿ ಶಾಖೆಗೆ ಸೂಚಿಸಲು ಆದೇಶ ಕೋರಿ ಕಡತ ಸಲ್ಲಿಸಿದೆ.

ಕಾನೂನು ಅಧಿಕಾರಿ
05.12.2024