ದೈಹಿಕ ಶಿಕ್ಷಕರ ಸಂದರ್ಶನ: ಮಾದರಿ ಉತ್ತರಗಳು

ಪ್ರಶ್ನೆ: ನಿಮ್ಮ ಬಗ್ಗೆ ಹೇಳಿ.
ಉತ್ತರ: ದೈಹಿಕ ಶಿಕ್ಷಣದಲ್ಲಿ ಪದವಿ ಮುಗಿಸಿದ್ದೇನೆ ಸರ್. 3 ವರ್ಷ ಪ್ರೌಢಶಾಲೆಯಲ್ಲಿ ಕಲಿಸಿದ್ದೇನೆ. ವಾಲಿಬಾಲ್ ನನ್ನ ಆಟ.

ಪ್ರಶ್ನೆ: ಆಟಕ್ಕೇ ಬಾರದ ಮಕ್ಕಳನ್ನು ಏನು ಮಾಡ್ತೀರಿ?
ಉತ್ತರ: ಮೊದಲು ಕಾರಣ ಕೇಳುತ್ತೇನೆ. ಕೆಲವರಿಗೆ ಉಬ್ಬಸ ಇರುತ್ತದೆ, ಕೆಲವರಿಗೆ ನಗುತ್ತಾರೆಂಬ ಭಯ. ಹಿಂದೆ ಒಬ್ಬ ಹುಡುಗನಿಗೆ ಸುಮ್ನೆ ಸ್ಕೋರ್ ಬರೆಯಲು ಹೇಳಿದ್ದೆ. ಎರಡು ವಾರಕ್ಕೆ ತಾನೇ ಸರ್ವ್ ಮಾಡಲು ಬಂದ! ನಾಯಕರೇ ತಂಡ ಆರಿಸುವ ಪದ್ಧತಿಯನ್ನೂ ನಾನು ಬಿಟ್ಟಿದ್ದೇನೆ. ಕೊನೆಗೆ ಉಳಿಯುವ ಮಗುವಿಗೆ ಅದು ಶಿಕ್ಷೆಯೇ ಅಲ್ವಾ?

ಪ್ರಶ್ನೆ: ಒಬ್ಬರ ಕಾಲು ಉಳುಕಿದರೆ?
ಉತ್ತರ: ಆಟ ನಿಲ್ಲಿಸಿ ಕೂರಿಸುತ್ತೇನೆ. ಉಜ್ಜುವುದಿಲ್ಲ. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಟ್ಟು, ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲು ಎತ್ತರಿಸುತ್ತೇನೆ. ಊರಿ ನಿಲ್ಲಲು ಆಗದಿದ್ದರೆ ಆಸ್ಪತ್ರೆಗೆ. ಮನೆಯವರಿಗೆ ಆಗಲೇ ಫೋನ್.

ಪ್ರಶ್ನೆ: ಮೈದಾನ ಚಿಕ್ಕದು, ಮಕ್ಕಳು 45.
ಉತ್ತರ: ಐದು ಗುಂಪು ಮಾಡುತ್ತೇನೆ. ಹಗ್ಗ ಜಿಗಿತ, ಚೆಂಡು ಪಾಸಿಂಗ್, ರಿಲೇ, ಗುರಿ ಎಸೆತ, ಸಮತೋಲನ. ಐದೈದು ನಿಮಿಷಕ್ಕೆ ಸೀಟಿ, ಜಾಗ ಬದಲು. ಸಾಲಿನಲ್ಲಿ ಕಾಯುವುದು ಜಾಸ್ತಿಯಾದರೆ ಗಲಾಟೆ ಶುರು.

ಪ್ರಶ್ನೆ: ಗಣಿತದವರು ನಿಮ್ಮ ಪೀರಿಯಡ್ ಕೇಳಿದರೆ?
ಉತ್ತರ: ಅಪರೂಪಕ್ಕೆ ಕೊಡುತ್ತೇನೆ, ಬದಲಿಗೆ ಅವರ ಪೀರಿಯಡ್ ಕೇಳಿ ಪಡೆಯುತ್ತೇನೆ.