ಪ್ರತಿಮಾ, ನಿನಗೊಂದು ಮಾತು ಹೇಳಬೇಕು

ಸರಸ್ವತಿಪುರಂ, ಮೈಸೂರು
1 ಫೆಬ್ರವರಿ 2026

ಪ್ರೀತಿಯ ಪ್ರತಿಮಾ,

ಈ ವಿಷಯ ವಾಟ್ಸಾಪಿನಲ್ಲಿ ಬೇಡ ಅಂತ ಕಾಗದ ಹಿಡಿದೆ. ಅಲ್ಲಾದರೆ ನೀಲಿ ಗೀಟು ಬಿದ್ದ ಕ್ಷಣದಿಂದ ನಿನಗೆ ಉತ್ತರ ಕೊಡಬೇಕಲ್ಲ ಅನ್ನುವ ಒತ್ತಡ, ನನಗೆ ಫೋನು ನೋಡುತ್ತಾ ಕೂರುವ ಒತ್ತಡ. ಇದನ್ನು ನಿಧಾನವಾಗಿ ಓದು. ಅರ್ಧಕ್ಕೆ ಮಡಚಿಟ್ಟು ನಾಳೆ ಓದಿದರೂ ನಡೆಯುತ್ತೆ.

ನೇರವಾಗಿಯೇ ಹೇಳಿಬಿಡುತ್ತೇನೆ. ನಿನ್ನ ಮೇಲೆ ನನಗೆ ಈಗ ಇರುವುದು ಬರೀ ಸ್ನೇಹವಲ್ಲ. ಕಾಲೇಜಿನಿಂದ ಬಂದ ಸ್ನೇಹ ಹಾಗೇ ಇದೆ, ಅದರ ಜೊತೆಗೆ ಪ್ರೀತಿಯೂ ಸೇರಿಕೊಂಡಿದೆ. ದಸರಾ ಹೊತ್ತಿಗೆ ಹೀಗೇನೋ ಆಗುತ್ತಿದೆ ಅನ್ನಿಸುತ್ತಿತ್ತು, ಸಂಕ್ರಾಂತಿ ಹೊತ್ತಿಗೆ ಅನುಮಾನ ಉಳಿಯಲಿಲ್ಲ.

"ನಾನೇನು ಮಾಡ್ದೆ ಕಣೋ?" ಅಂತ ನೀನು ಕೇಳೇ ಕೇಳುತ್ತೀಯ. ನೀನು ಏನೂ ತಪ್ಪು ಮಾಡಿಲ್ಲ. ಆದರೂ ಎಲ್ಲಿಂದ ಶುರುವಾಯಿತು ಅಂತ ಹೇಳದಿದ್ದರೆ ನೀನು ಸುಮ್ಮನೆ ಹಳೆಯದನ್ನೆಲ್ಲ ಕೆದಕಿ ನೋಡಿಕೊಳ್ಳುತ್ತೀಯ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಭಾನುವಾರ ಅಶೋಕಪುರಂ ಮಕ್ಕಳ ಪಾಠ ಮುಗಿಸಿ ಸ್ಕೂಟರ್ ಹತ್ತಿದ ಮೇಲೆ "ಈಗಲೇ ಮನೆಗೆ ಬೇಡ, ಕುಕ್ಕರಹಳ್ಳಿ ಕೆರೆ ಕಡೆ ತಿರುಗಿಸು" ಅನ್ನುವುದು ನಿನಗೆ ಅಭ್ಯಾಸವಾಯಿತು. ರಾತ್ರಿ ಊಟವಾದ ಮೇಲೆ ಫೋನು ಮಾಡಿ, ಬ್ಯಾಂಕಿನಲ್ಲಿ ನಡೆದದ್ದೆಲ್ಲ ಹೇಳಿ, ಇಡುವ ಮುಂಚೆ "ನಿಂಗೆ ಹೇಳದಿದ್ರೆ ನಂಗೆ ದಿನ ಮುಗಿದ ಹಾಗೇ ಆಗಲ್ಲ" ಅಂದೆ. ನನ್ನ ಅಮ್ಮನಿಗೆ ಮಂಡಿ ನೋವು ಜಾಸ್ತಿಯಾದಾಗ ನಾನು ಕೇಳುವ ಮೊದಲೇ ಆಸ್ಪತ್ರೆಗೆ ಬಂದು, ಚೀಟಿ ಮಾಡಿಸುವ ಸಾಲಿನಲ್ಲಿ ನಿಂತಿದ್ದೆ. ಸಂಕ್ರಾಂತಿಗೆ ಎಲ್ಲರಿಗೂ ಪೊಟ್ಟಣದಲ್ಲಿ ಎಳ್ಳು ಬೀರಿದವಳು ನನಗೆ ಮಾತ್ರ ಸ್ಟೀಲ್ ಡಬ್ಬಿ ತುಂಬಾ ಕೊಟ್ಟೆ. ನನಗೆ ಹುರಿಗಡಲೆ ಆಗುವುದಿಲ್ಲ ಅಂತ ಅದನ್ನು ಬಿಟ್ಟು, ಕೊಬ್ಬರಿಯನ್ನು ಸಣ್ಣಗೆ ಹೆಚ್ಚಿ ಹಾಕಿದ್ದೆ. ಆ ಡಬ್ಬಿ ತೆಗೆದು ನೋಡಿದಾಗ ನನಗೆ ಮಾತೇ ಹೊರಡಲಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಬಗೆಯ ಸಂಗತಿಗಳೂ ಇವೆ. ನಿನ್ನ ಚಿಕ್ಕಮ್ಮ ಬಂದಾಗ "ಇವನು ಗಿರೀಶ, ನಮ್ಮಣ್ಣ ಇದ್ದ ಹಾಗೆ" ಅಂತ ಪರಿಚಯ ಮಾಡಿಸಿದೆ. ನವೆಂಬರಿನಲ್ಲಿ ಒಂದಿಷ್ಟು ದಿನ ಫೋನೂ ಇಲ್ಲ, ಮೆಸೇಜೂ ಇಲ್ಲ; ಆಮೇಲೆ ಏನೂ ಆಗದವಳ ಹಾಗೆ ಮಾತಾಡಿದೆ. ಹಾಸನದಿಂದ ಗಂಡಿನ ಕಡೆಯವರು ನೋಡಲು ಬರುತ್ತಾರೆ ಅಂತ ಹೇಳಿ, ಹುಡುಗನ ಫೋಟೋ ತೋರಿಸಿ, "ನಿಂಗೇನನ್ಸತ್ತೆ, ಹೇಳು" ಅಂತ ನನ್ನ ಮುಖವನ್ನೇ ನೋಡುತ್ತಾ ನಿಂತೆ. ಗೆಳೆಯನ ಅಭಿಪ್ರಾಯ ಕೇಳಿದೆಯೋ, ನಾನು ಬೇಡ ಅನ್ನಲಿ ಅಂತ ಕಾದೆಯೋ, ನನಗೆ ತಿಳಿಯಲಿಲ್ಲ. ಆ ಸಂಬಂಧ ಮುಂದುವರಿಯಲಿಲ್ಲ ಅಂತ ಗೊತ್ತಾದಾಗ ನನಗಾದ ಸಮಾಧಾನ ನೋಡಿಯೇ ಈ ಕಾಗದ ಬರೆಯದೆ ಇರಬಾರದು ಅನ್ನಿಸಿದ್ದು.

ಇದರಲ್ಲಿ ಯಾವುದನ್ನು ತೆಗೆದುಕೊಂಡರೂ ಎರಡು ಅರ್ಥ ಹೊರಡುತ್ತದೆ. ಅಣ್ಣ ಅಂದದ್ದು ಮನಸ್ಸಿನ ಮಾತಿರಬಹುದು, ಚಿಕ್ಕಮ್ಮನ ಪ್ರಶ್ನೆ ತಪ್ಪಿಸುವ ಉಪಾಯವೂ ಇರಬಹುದು. ನಮ್ಮ ಮನೆಗಳಲ್ಲಿ ಹುಡುಗ ಹುಡುಗಿ ಜೊತೆಗೆ ಓಡಾಡಿದರೆ ಆ ಒಂದು ಮಾತಿನಿಂದ ಎಲ್ಲರ ಬಾಯಿ ಮುಚ್ಚುತ್ತದೆ ಅಂತ ಇಬ್ಬರಿಗೂ ಗೊತ್ತು. ಆಸ್ಪತ್ರೆಗೆ ಬಂದದ್ದು ನನಗಾಗಿ ಇರಬಹುದು, ಅಮ್ಮನ ಮೇಲಿನ ಅಕ್ಕರೆಗೂ ಇರಬಹುದು. ನೀನು ಎಲ್ಲರನ್ನೂ ಹಚ್ಚಿಕೊಳ್ಳುವವಳು. ನಮ್ಮ ಮಕ್ಕಳಲ್ಲಿ ಯಾರಿಗೆ ಕನ್ನಡಕ ಬೇಕು, ಯಾರು ತಿಂಡಿ ತಿನ್ನದೆ ಬಂದಿದ್ದಾರೆ ಅಂತ ಮೊದಲು ಕಾಣುವುದು ನಿನಗೇ. ಆ ಗುಣವನ್ನೇ ನಾನು ನನಗೊಬ್ಬನಿಗೆ ಅಂತ ತೋರಿಸಿದ ಒಲವು ಅಂದುಕೊಂಡಿರಬಹುದು. ಹಾಗಿದ್ದರೆ ಅದನ್ನು ತಿದ್ದುವ ಹಕ್ಕು ನಿನ್ನದು, ತಿದ್ದಿಸಿಕೊಳ್ಳಲು ನಾನು ಸಿದ್ಧ.

ದಯವಿಟ್ಟು ಒಂದು ಕೆಲಸ ಮಾಡಬೇಡ. ನನಗೆ ನೋವಾಗುತ್ತೆ ಅಂತ "ನೋಡೋಣ", "ಈಗಲೇ ಏನೂ ಹೇಳಕ್ಕಾಗಲ್ಲ" ಅಂತ ಅರ್ಧ ಬಾಗಿಲು ತೆರೆದಿಡಬೇಡ. ನಿಜವಾಗಿಯೂ ಯೋಚನೆಗೆ ಸಮಯ ಬೇಕಿದ್ದರೆ "ಸಮಯ ಬೇಕು" ಅನ್ನು, ಎಷ್ಟು ಬೇಕೋ ಅಷ್ಟು ತೆಗೆದುಕೋ. ಇಲ್ಲ ಅನ್ನುವುದಾದರೆ ಒಂದೇ ಸಾಲು ಸಾಕು, ಕಾರಣ ಕೊಡಬೇಕಾಗಿಲ್ಲ. ಕಾರಣ ಕೊಟ್ಟರೆ ನಾನು ಅದಕ್ಕೆ ಪರಿಹಾರ ಹುಡುಕಲು ಕೂರುತ್ತೇನೆ, ಆಗ ನೀನು ಇನ್ನೊಂದು ಕಾರಣ ಹುಡುಕಬೇಕಾಗುತ್ತದೆ. ಅದು ನಿನಗೆ ಹಿಂಸೆ. ಹೌದು ಅನ್ನುವುದಾದರೂ ಮರುದಿನವೇ ಮನೆಯವರಿಗೆ ಹೇಳುವ ಆತುರ ನನಗಿಲ್ಲ. ನಿಮ್ಮ ತಂದೆಯ ಹತ್ತಿರ ಯಾವಾಗ, ಹೇಗೆ ಮಾತಾಡಬೇಕು ಅನ್ನುವುದನ್ನು ನೀನು ಹೇಳಿದ ಮೇಲೇ ಯೋಚಿಸೋಣ.

ಉತ್ತರ ಫೋನಿನಲ್ಲಿ ಹೇಳುತ್ತೀಯೋ, ಬರೆದು ಕೊಡುತ್ತೀಯೋ, ಎದುರು ಕೂತು ಮಾತಾಡುತ್ತೀಯೋ, ನಿನ್ನಿಷ್ಟ. ಅಲ್ಲಿಯವರೆಗೆ ನಾನಾಗಿ ಈ ವಿಷಯ ಎತ್ತುವುದಿಲ್ಲ. ಸ್ನೇಹಿತರ ಗುಂಪಿನಲ್ಲಿ ಯಾರಿಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಯಾರಾದರೂ ಬಂದು ನನ್ನ ಪರವಾಗಿ ನಿನ್ನ ಹತ್ತಿರ ಮಾತಾಡುತ್ತಾರೆ ಅನ್ನುವ ಭಯ ಬೇಡ.

ಇಲ್ಲ ಅಂದರೆ ಸ್ನೇಹ ಹೋಗುತ್ತದೆ ಅಂತಲೂ ಅಂದುಕೊಳ್ಳಬೇಡ. ಆದರೆ ಮರುದಿನದಿಂದಲೇ ಮೊದಲಿನ ಹಾಗೆ ಇರುತ್ತೇನೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಯುಗಾದಿಯವರೆಗಾದರೂ ರಾತ್ರಿಯ ಫೋನು, ಕೆರೆ ಕಡೆಯ ಸುತ್ತಾಟ ಎರಡನ್ನೂ ನಿಲ್ಲಿಸಬೇಕಾಗುತ್ತದೆ. ಅವೆರಡೂ ಹಾಗೇ ನಡೆದರೆ ಮನಸ್ಸು ಮತ್ತೆ ಅದೇ ಲೆಕ್ಕ ಹಾಕಲು ಶುರುಮಾಡುತ್ತದೆ. ಅದನ್ನು ಸಿಟ್ಟು ಅಂತ ತಿಳಿಯಬೇಡ. ಅಮ್ಮನಿಗೆ ನೀನು ಎಂದಿನಂತೆ ಫೋನು ಮಾಡು, ಮನೆಗೂ ಬಾ. ನಿನ್ನನ್ನು ಕಾಣದಿದ್ದರೆ ಅವರು ಒದ್ದಾಡುತ್ತಾರೆ.

ಮಕ್ಕಳ ಪಾಠ ಮಾತ್ರ ಏನೇ ಆದರೂ ನಿಲ್ಲಬಾರದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್‌ನಲ್ಲಿದೆ, ಈ ಹೊತ್ತಿನಲ್ಲಿ ನಮ್ಮಿಬ್ಬರಲ್ಲಿ ಒಬ್ಬರು ಬಿಟ್ಟರೂ ಪೆಟ್ಟು ಬೀಳುವುದು ಅವರಿಗೆ. ಜೊತೆಗೆ ಬರಲು ನಿನಗೆ ಮುಜುಗರವಾದರೆ ಹೀಗೆ ಮಾಡೋಣ: ಗಣಿತವನ್ನು ನಾನು ಶನಿವಾರ ಸಂಜೆಗೆ ಹಾಕಿಕೊಳ್ಳುತ್ತೇನೆ, ಭಾನುವಾರ ಬೆಳಿಗ್ಗೆ ವಿಜ್ಞಾನ ನಿನ್ನದು. ಸಮುದಾಯ ಭವನದ ಬೀಗದ ಕೈಯನ್ನು ಪಕ್ಕದ ಅಂಗಡಿಯಲ್ಲಿ ಕೊಟ್ಟಿರುತ್ತೇನೆ. ನನ್ನ ಭಾಗದಲ್ಲಿ ಉಳಿದಿರುವುದು ತ್ರಿಕೋನಮಿತಿಯ ಅನ್ವಯಗಳು ಮತ್ತು ಘನಫಲ. ವೃತ್ತದ ಪ್ರಮೇಯಗಳನ್ನು ಬರೆಯುವಾಗ ಆರು ಮಕ್ಕಳು ಚಿತ್ರ ಸರಿಯಾಗಿ ಬರೆದು ಸಾಧನೆಯನ್ನು ಮಧ್ಯದಲ್ಲೇ ಬಿಡುತ್ತಾರೆ, ಅವರನ್ನು ಬೇರೆ ಕೂರಿಸಿ ಬರೆಸುತ್ತೇನೆ. ನಿನ್ನ ಕಡೆ ವಿದ್ಯುಚ್ಛಕ್ತಿ ಪಾಠದ ಲೆಕ್ಕಗಳನ್ನು ಇನ್ನೊಮ್ಮೆ ಮಾಡಿಸಿದರೆ ಒಳ್ಳೆಯದು. ಸಮಾಂತರ ಜೋಡಣೆಯ ರೋಧ ಕಂಡುಹಿಡಿದಾಗ ಕೊನೆಗೆ ತಲೆಕೆಳಗು ಮಾಡುವುದನ್ನು ಮರೆತುಬಿಡುತ್ತಾರೆ. 80 ಅಂಕದ ಮಾದರಿ ಪ್ರಶ್ನೆಪತ್ರಿಕೆಯ ಪ್ರತಿಗಳು ನನ್ನ ಹತ್ತಿರವಿವೆ, ನಿನ್ನ ಪಾಲಿನವನ್ನು ಈ ಕಾಗದದ ಜೊತೆಗೇ ಕವರಿನಲ್ಲಿ ಇಟ್ಟಿದ್ದೇನೆ.

ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅಮ್ಮ ಚಕ್ಕುಲಿ ಮಾಡುತ್ತಿದ್ದಾರೆ. ಅದಕ್ಕೂ ಈ ಕಾಗದಕ್ಕೂ ಸಂಬಂಧವಿಲ್ಲ. ಬುಧವಾರ ನಿನ್ನ ತಮ್ಮನ ಕೈಯಲ್ಲಿ ಕಳಿಸುತ್ತೇನೆ.

ನಿನ್ನ,
ಗಿರೀಶ