ಮೂಳೆಗೆಂದು ಕುಡಿದ ವಿಟಮಿನ್ ಡಿ ಪುಡಿಯಿಂದ ರಕ್ತದ ಕ್ಯಾಲ್ಸಿಯಂ ಏರಿದ್ದು ಹೇಗೆ

ಮೈಸೂರು
12 ಆಗಸ್ಟ್ 2024

ಪುಟ್ಟತಾಯಮ್ಮನವರಿಗೆ ನಮಸ್ಕಾರ.

ಮೂಳೆಗೆ ಒಳ್ಳೆಯದೆಂದು ಕೊಟ್ಟ ಪುಡಿ ಮೂತ್ರಪಿಂಡಕ್ಕೆ ಹೇಗೆ ಕೇಡು ಮಾಡಿತು ಎಂದು ವಾರ್ಡಿನಿಂದ ಹೊರಡುವಾಗ ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಬಿಡಿಸಿ ಬರೆದಿದ್ದೇನೆ, ಮಗನಿಂದ ಒಮ್ಮೆ ಓದಿಸಿಕೊಳ್ಳಿ.

ಮಂಡಿನೋವಿಗೆ ತೋರಿಸಿಕೊಂಡಾಗ ನಿಮ್ಮ ವಿಟಮಿನ್ ಡಿ ನಿಜವಾಗಿಯೂ ಕಡಿಮೆಯಿತ್ತು. ಚೀಟಿಯಲ್ಲಿ ಬರೆದಿದ್ದೂ ಸರಿಯಾಗಿಯೇ ಇದೆ: 60,000 ಯೂನಿಟ್‌ನ ಪೊಟ್ಟಣ, ವಾರಕ್ಕೊಂದು, ಎಂಟು ವಾರ. ನೀವು ಅದನ್ನು ದಿನಕ್ಕೊಂದರಂತೆ ರಾತ್ರಿ ಹಾಲಿಗೆ ಕಲಸಿ ಕುಡಿದಿದ್ದೀರಿ. ಉಳಿದ ಮಾತ್ರೆಗಳೆಲ್ಲ ದಿನವೂ ನುಂಗುವಂಥವು. ಇದೊಂದೇ ವಾರದ ಔಷಧಿ ಎಂದು ಯಾರೂ ಒತ್ತಿ ಹೇಳದಿದ್ದರೆ ಹೀಗಾಗುವುದು ಸಹಜ. ಇಂಥವರು ನನ್ನ ಬಳಿಗೆ ಆಗಾಗ ಬರುತ್ತಾರೆ. ನಿಮ್ಮ ವಯಸ್ಸಿನವರಿಗೆ ದಿನಕ್ಕೆ ಬೇಕಾಗುವುದು 600ರಿಂದ 800 ಯೂನಿಟ್ ಮಾತ್ರ. ಅಂದರೆ ಒಂದು ಪೊಟ್ಟಣದಲ್ಲೇ ಎರಡೂವರೆ ಮೂರು ತಿಂಗಳಿಗೆ ಆಗುವಷ್ಟಿದೆ. ನೀವು ಸುಮಾರು ಐವತ್ತು ಪೊಟ್ಟಣ ಮುಗಿಸಿದ್ದೀರಿ.

ಊಟದಲ್ಲಿರುವ ಕ್ಯಾಲ್ಸಿಯಂ ಅನ್ನು ಕರುಳು ಹೀರಿಕೊಳ್ಳುವಂತೆ ಮಾಡುವುದು ವಿಟಮಿನ್ ಡಿಯ ಮುಖ್ಯ ಕೆಲಸ. ಅದು ಮಿತಿಮೀರಿದಾಗ ಕರುಳು ಬೇಡದಷ್ಟು ಹೀರುತ್ತದೆ, ಮೂಳೆಯಲ್ಲಿರುವ ಕ್ಯಾಲ್ಸಿಯಂ ಕೂಡ ಕರಗಿ ರಕ್ತಕ್ಕೆ ಇಳಿಯುತ್ತದೆ. ಮೂಳೆ ಗಟ್ಟಿಯಾಗಲೆಂದು ತೆಗೆದುಕೊಂಡದ್ದು ಮೂಳೆಯನ್ನೇ ಸವೆಸುವ ವಿಚಿತ್ರವಿದು. ಇದರ ಮೇಲೆ ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ ಬೇರೆ. ಹೆಚ್ಚಾದದ್ದನ್ನು ಹೊರಹಾಕಬೇಕಾದವು ಮೂತ್ರಪಿಂಡಗಳು. ಆದರೆ ನಿಮ್ಮ ಬಿ.ಪಿ. ಮಾತ್ರೆಯಲ್ಲಿ ಕ್ಲೋರ್ಥಾಲಿಡೋನ್ ಎಂಬ ಔಷಧಿ ಸೇರಿತ್ತು. ಅದು ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗದಂತೆ ತಡೆಯುತ್ತದೆ. ಕನ್ನಂಬಾಡಿಗೆ ಒಳಹರಿವು ಏರುತ್ತಿರುವಾಗಲೇ ಗೇಟು ಇಳಿಸಿದಂತಾಯಿತು. ಅದಕ್ಕೇ ಆ ಮಾತ್ರೆಯನ್ನು ಬದಲಿಸಿದ್ದೇನೆ. ಹಳೆಯ ಪಟ್ಟಿ ಮನೆಯಲ್ಲಿದ್ದರೆ ಮತ್ತೆ ನುಂಗಬೇಡಿ.

ರಕ್ತದಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ 8.5ರಿಂದ 10.5ರೊಳಗೆ ಇರಬೇಕು. ನೀವು ಬಂದಾಗ 13.2 ಇತ್ತು. ವಿಟಮಿನ್ ಡಿ 186. ಅದು 150 ದಾಟಿದರೆ ವಿಷದ ಮಟ್ಟವೆಂದೇ ಲೆಕ್ಕ. ಕ್ಯಾಲ್ಸಿಯಂ ಇಷ್ಟು ಏರಿದಾಗ ಮೂತ್ರಪಿಂಡಕ್ಕೆ ನೀರು ಹಿಡಿದಿಡುವ ಶಕ್ತಿ ಕುಂದುತ್ತದೆ. ರಾತ್ರಿ ನಾಲ್ಕೈದು ಸಲ ಎದ್ದು ಮೂತ್ರಕ್ಕೆ ಹೋಗುತ್ತಿದ್ದುದು, ಎಷ್ಟು ಕುಡಿದರೂ ನಾಲಿಗೆ ಒಣಗುತ್ತಿದ್ದುದು ಇದರಿಂದಲೇ. ಮನೆಯವರು ಸಕ್ಕರೆ ಕಾಯಿಲೆ ಎಂದುಕೊಂಡಿದ್ದರು. ಸಕ್ಕರೆ ಸರಿಯಾಗಿಯೇ ಇದೆ. ಮೈಯಲ್ಲಿ ನೀರು ಕಡಿಮೆಯಾದಷ್ಟೂ ಕ್ಯಾಲ್ಸಿಯಂ ಇನ್ನೂ ಏರುತ್ತದೆ, ಮೂತ್ರಪಿಂಡ ಇನ್ನೂ ಸೊರಗುತ್ತದೆ. ಮಲಬದ್ಧತೆ, ವಾಕರಿಕೆ, ಹಗಲಲ್ಲೂ ತೂಕಡಿಕೆ, ಮಾತು ತಡವರಿಸಿದ್ದು ಎಲ್ಲದಕ್ಕೂ ಮೂಲ ಒಂದೇ.

ಡ್ರಿಪ್ ಹಾಕಿದ ಮೇಲೆ ಕ್ಯಾಲ್ಸಿಯಂ 11.1ಕ್ಕೆ ಇಳಿದಿದೆ. ಮೂತ್ರಪಿಂಡ ಸೊರಗಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಕೂಡ 1.9ರಿಂದ 1.4ಕ್ಕೆ ಬಂದಿದೆ, ಇನ್ನೂ ಇಳಿಯುವ ಭರವಸೆಯಿದೆ. ಆದರೆ ಗುಣವಾಯಿತೆಂದು ನಿಶ್ಚಿಂತರಾಗಬೇಡಿ. ಕುಡಿದ ವಿಟಮಿನ್ ಡಿ ಮೈಯ ಕೊಬ್ಬಿನಲ್ಲಿ ಶೇಖರವಾಗಿ ಕುಳಿತಿದೆ. ಪುಡಿ ನಿಲ್ಲಿಸಿದರೂ ಅದು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ, ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬರುತ್ತಲೇ ಇರುತ್ತದೆ. ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟಿರುವುದು ಕರುಳಿನ ಆ ಹೀರಿಕೆಯನ್ನು ತಗ್ಗಿಸಲು. ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಿ. ನನ್ನನ್ನು ಕೇಳದೆ ನಿಲ್ಲಿಸಬೇಡಿ.

ವಿಟಮಿನ್ ಡಿ ಪುಡಿ, ಕ್ಯಾಲ್ಸಿಯಂ ಮಾತ್ರೆ, ಮಗ ತಂದುಕೊಟ್ಟ ಶಕ್ತಿ ಮಾತ್ರೆ ಮೂರನ್ನೂ ಬಿಡಿ. ಆ ಮೂರನೆಯದರಲ್ಲೂ ಎರಡೂ ಸೇರಿವೆ. ಹೊಟ್ಟೆಯುರಿಗೆ ಅಂಗಡಿಯಿಂದ ಚೀಪುವ ಮಾತ್ರೆ ತರಿಸಬೇಡಿ, ಹಲವದರಲ್ಲಿ ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ ಎರಡೂವರೆ ಲೀಟರಿನಷ್ಟು ನೀರು ಕುಡಿಯಿರಿ. ನಿಮ್ಮ ಹೃದಯ ಚೆನ್ನಾಗಿದೆ, ಅಂಜಿಕೆಯಿಲ್ಲ. ಮುದ್ದೆ ಬಿಡಿ ಎಂದು ಮಂಡ್ಯದ ಕಡೆಯವರಿಗೆ ಹೇಳುವುದು ನನಗೂ ಕಷ್ಟವೇ. ಆದರೆ ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ರಕ್ತದ ಕ್ಯಾಲ್ಸಿಯಂ ಹತ್ತರ ಆಸುಪಾಸಿಗೆ ಬರುವತನಕ ಅನ್ನ ಸಾರು ಉಣ್ಣಿ, ಹಾಲು ಕಾಫಿಗೆ ಬೇಕಾದಷ್ಟೇ ಸಾಕು. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಮ್ಮೇ, ಅದನ್ನೂ ಬಿಡಬೇಕು. ಅಡಿಕೆ ಬಿಟ್ಟರೆ ಇನ್ನೂ ಸಂತೋಷ, ಆ ಜಗಳ ಇನ್ನೊಂದು ದಿನ ಆಡೋಣ. ಬೆಳಗಿನ ಬಿಸಿಲು ಕಾಯಿಸುವುದರಿಂದ ವಿಟಮಿನ್ ಡಿ ವಿಷದ ಮಟ್ಟಕ್ಕೆ ಏರುವುದಿಲ್ಲ.

ವಾಂತಿ ನಿಲ್ಲದಿದ್ದರೆ, ಮಂಪರು ಅಥವಾ ಗೊಂದಲ ಮರುಕಳಿಸಿದರೆ, ಮೂತ್ರ ಕಡಿಮೆಯಾದರೆ, ಎದೆ ಏರುಪೇರಾಗಿ ಬಡಿದುಕೊಂಡರೆ ಬೆಳಗಾಗಲೆಂದು ಕಾಯಬೇಡಿ. ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ ಈ ಪತ್ರ ತೋರಿಸಿ.

ಮುಂದಿನ ಸೋಮವಾರ, 19ರಂದು, ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆಗೆ ಬನ್ನಿ. ಮನೆಯಲ್ಲಿರುವ ಔಷಧಿಗಳನ್ನೆಲ್ಲ, ಖಾಲಿ ಪೊಟ್ಟಣಗಳ ಸಮೇತ, ಒಂದು ಚೀಲದಲ್ಲಿ ಹಾಕಿ ತನ್ನಿ.

ಇಂತು,
ಡಾ. ಶಿವಪ್ರಕಾಶ್